ಫೋನಿನಲ್ಲಿ 12 ಲಕ್ಷ, ಆಫರ್ ಲೆಟರಿನಲ್ಲಿ ಎಷ್ಟು?

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಸಂದರ್ಶನದ ಕೊನೆಯ ಸುತ್ತು ಮುಗಿದಿದೆ ಎಂದಿಟ್ಟುಕೊಳ್ಳಿ. ‘ವರ್ಷಕ್ಕೆ 12 ಲಕ್ಷ ಫಿಕ್ಸೆಡ್, ಬೋನಸ್ ಬೇರೆ’ ಎಂದು ಎಚ್‌ಆರ್ ಫೋನಿನಲ್ಲಿ ಹೇಳುತ್ತಾರೆ. ತಿಂಗಳಿಗೆ ಒಂದು ಲಕ್ಷ ಎಂದು ಅಭ್ಯರ್ಥಿ ಲೆಕ್ಕ ಹಾಕಿಕೊಳ್ಳುತ್ತಾಳೆ. ಆಮೇಲೆ ಬಂದ ಆಫರ್ ಲೆಟರಿನ ಮೊದಲ ಪುಟದಲ್ಲೂ 12 ಲಕ್ಷವೇ ಇದೆ. ವ್ಯತ್ಯಾಸ ಕಾಣುವುದು ಕೊನೆಯ ಪುಟದ ಸಂಬಳದ ಪಟ್ಟಿಯಲ್ಲಿ.

ಅಲ್ಲಿ 12 ಲಕ್ಷ ಎಂದರೆ ಸಿಟಿಸಿ, ಅಂದರೆ ಆಕೆಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಮೂಲ ವೇತನ 6 ಲಕ್ಷ. ಅದರ ಶೇ 12ರಷ್ಟು, ಕಂಪನಿಯ ಪಾಲಿನ ಪಿಎಫ್, 72,000 ರೂಪಾಯಿ. ಶೇ 4.81ರ ಲೆಕ್ಕದಲ್ಲಿ ಗ್ರಾಚ್ಯುಟಿ 28,860. ‘ಬೇರೆ’ ಎಂದಿದ್ದ ಬೋನಸ್ ಕೂಡ ವೇರಿಯಬಲ್ ಪೇ ಎಂಬ ಹೆಸರಿನಲ್ಲಿ 1,20,000 ಆಗಿ ಒಳಗೇ ಸೇರಿದೆ. ಇವಿಷ್ಟನ್ನು ಕಳೆದರೆ ಉಳಿಯುವುದು 9,79,140. ತಿಂಗಳಿಗೆ 81,595 ರೂಪಾಯಿ. ಆಕೆಯ ಪಾಲಿನ ಪಿಎಫ್ ಮತ್ತು ತೆರಿಗೆ ಇನ್ನೂ ಕಡಿತವಾಗಬೇಕು.

ಪಿಎಫ್, ಗ್ರಾಚ್ಯುಟಿಗಳನ್ನು ಸಿಟಿಸಿಯೊಳಗೆ ತೋರಿಸುವುದು ವಾಡಿಕೆ. ಆದರೆ ಫಿಕ್ಸೆಡ್ ಎಂದು ಹೇಳಿದ ಮೊತ್ತದೊಳಗೆ ವೇರಿಯಬಲ್ ಸೇರಿಸುವುದು ಮಾತಿಗೆ ನೇರವಾಗಿ ವಿರುದ್ಧ. ಹಾಗಾಗಿ ಆಕೆ ಎತ್ತಬೇಕಾದ ಪ್ರಶ್ನೆ ಆ 1,20,000 ರೂಪಾಯಿಯದು. ಎಲ್ಲವನ್ನೂ ಒಟ್ಟಿಗೆ ಕೆದಕಿದರೆ ಗಟ್ಟಿಯಾದ ಈ ಒಂದು ಅಂಶವೂ ಚೌಕಾಸಿಯಂತೆ ಕೇಳಿಸುತ್ತದೆ.

ಪ್ರಶ್ನೆ ಸಹಿಗೆ ಮುಂಚೆಯೇ ಹೋಗಬೇಕು. ಹಿಂದಿನ ಮಾತುಕತೆಗಳೆಲ್ಲ ಈ ಪತ್ರದೊಂದಿಗೆ ರದ್ದು ಎಂಬ ಷರತ್ತು ಅನೇಕ ಆಫರ್ ಲೆಟರುಗಳಲ್ಲಿ ಇರುತ್ತದೆ. ಸಹಿ ಬಿದ್ದ ಮೇಲೆ ಫೋನಿನ ಮಾತನ್ನು ಹಿಡಿದು ವಾದಿಸುವುದು ಬಹಳ ಕಷ್ಟ. ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟ ಮೇಲಂತೂ ಕೇಳುವ ಬಲವೇ ಕುಗ್ಗುತ್ತದೆ.

ಫೋನಿನಲ್ಲಿ ಮಾತಾಡಿದ ಎಚ್‌ಆರ್‌ಗೇ ಇಮೇಲ್ ಬರೆಯುವುದು ಸರಿ. ನಾಲ್ಕು ಸಾಲು ಸಾಕು: ‘ಆಫರ್‌ಗೆ ಧನ್ಯವಾದ. ಮಂಗಳವಾರದ ಕರೆಯಲ್ಲಿ 12 ಲಕ್ಷ ಫಿಕ್ಸೆಡ್, ಬೋನಸ್ ಪ್ರತ್ಯೇಕ ಎಂದು ತಿಳಿಸಿದ್ದಿರಿ. ಪತ್ರದಲ್ಲಿ 1,20,000 ವೇರಿಯಬಲ್ ಅದರೊಳಗೇ ಸೇರಿದೆ. ದಯವಿಟ್ಟು ಪರಿಶೀಲಿಸಿ, ತಿದ್ದಿದ ಪತ್ರ ಕಳಿಸುವಿರಾ?’ ಇಲ್ಲಿ ಆರೋಪವಿಲ್ಲ. ಟೆಂಪ್ಲೇಟಿನ ತಪ್ಪಾಗಿದ್ದರೆ ತಿದ್ದಲು ಅವರಿಗೂ ಸುಲಭ. ಒಪ್ಪಿಗೆಯ ಗಡುವು ಹತ್ತಿರವಿದ್ದರೆ ಅದೇ ಇಮೇಲಿನಲ್ಲಿ ಎರಡು ದಿನ ಹೆಚ್ಚು ಕೇಳಬಹುದು.

ಆದರೆ ‘12ರವರೆಗೆ ನೋಡೋಣ’ ಎಂದಷ್ಟೇ ಹೇಳಿದ್ದರೆ, ಅಥವಾ ಆ ಮಾತು ಮಧ್ಯವರ್ತಿ ಕನ್ಸಲ್ಟೆನ್ಸಿಯದಾಗಿದ್ದರೆ, ಈ ದಾರಿ ಅಷ್ಟು ಗಟ್ಟಿಯಲ್ಲ. ಆಗ ಹೊಸದಾಗಿ ಮಾತಾಡಿಯೇ ಪಡೆಯಬೇಕು.

ಉತ್ತರ ಹಲವು ಸಲ ಫೋನಿನಲ್ಲೇ ಬರುತ್ತದೆ: ‘ಈಗ ಸೇರಿಕೊಳ್ಳಿ ಮೇಡಂ, ಆಮೇಲೆ ಸರಿ ಮಾಡೋಣ.’ ಅದನ್ನು ಅಂದೇ ಇಮೇಲಿಗೆ ಇಳಿಸಿ, ತಿದ್ದಿದ ಪತ್ರವನ್ನು ಮತ್ತೆ ಕೇಳಬೇಕು. ಫಿಕ್ಸೆಡ್ ಹೆಚ್ಚಿಸದೆ ಜಾಯಿನಿಂಗ್ ಬೋನಸ್ ಕೊಡುತ್ತೇವೆ ಎಂದರೆ, ಅದು ಒಂದೇ ಸಲದ ಹಣ. ಇಂತಿಷ್ಟು ತಿಂಗಳೊಳಗೆ ಕೆಲಸ ಬಿಟ್ಟರೆ ಹಿಂದಿರುಗಿಸಬೇಕೆಂಬ ಷರತ್ತು ಅದಕ್ಕೆ ಸಾಮಾನ್ಯವಾಗಿ ಅಂಟಿಕೊಂಡೇ ಬರುತ್ತದೆ.