ಕಾದ ಕಾವಲಿ, ಆರದ ಹನಿ

ದೋಸೆ ಹೋಟೆಲಿನಲ್ಲಿ ಭಟ್ಟರು ಹಿಟ್ಟು ಹುಯ್ಯುವ ಮುಂಚೆ ಕಾವಲಿಯ ಮೇಲೆ ನೀರು ಚಿಮುಕಿಸುವುದನ್ನು ನೋಡಿಯೇ ಇರುತ್ತೀರಿ. ನೀರು ಚುಂಯ್ ಎಂದು ಹರಡಿ ಕ್ಷಣದಲ್ಲಿ ಆರಿಹೋದರೆ ಪೊರಕೆಯಿಂದ ಒಮ್ಮೆ ಗುಡಿಸಿ ಹಿಟ್ಟು ಹುಯ್ಯುತ್ತಾರೆ. ಕೆಲವೊಮ್ಮೆ ಮಾತ್ರ ನೀರು ಹರಡುವುದೇ ಇಲ್ಲ. ಸಣ್ಣ ಸಣ್ಣ ಗುಂಡುಗಳಾಗಿ ಕಾವಲಿಯ ತುಂಬ ಓಡಾಡುತ್ತದೆ, ಅಂಚಿಗೆ ಬಡಿದು ವಾಪಸು ಬರುತ್ತದೆ, ಸದ್ದೂ ಅಷ್ಟಾಗಿ ಕೇಳಿಸುವುದಿಲ್ಲ. ಆಗ ಭಟ್ಟರು ಉರಿ ತಗ್ಗಿಸಿ ಇನ್ನೊಂದಿಷ್ಟು ನೀರು ಎರಚುತ್ತಾರೆ. ಕಾವಲಿ ವಿಪರೀತ ಕಾದಿದೆ, ಈಗ ಹುಯ್ದರೆ ಹಿಟ್ಟು ಹರಡದೆ ಸೌಟಿಗೇ ಅಂಟಿಕೊಂಡು ಎದ್ದು ಬರುತ್ತದೆ ಎಂಬುದು ಅವರಿಗೆ ಗೊತ್ತು.

ಇಲ್ಲೊಂದು ಒಗಟಿದೆ. ಕಾವಲಿ ಹೆಚ್ಚು ಕಾದಷ್ಟೂ ನೀರು ಬೇಗ ಆರಬೇಕು ತಾನೆ? ಒಂದು ಹಂತದವರೆಗೆ ಹಾಗೆಯೇ ಆಗುತ್ತದೆ. ಆ ಹಂತ ದಾಟಿದರೆ ಲೆಕ್ಕ ತಿರುಗಿಬೀಳುತ್ತದೆ. 150 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಒಂದೆರಡು ಸೆಕೆಂಡಿನೊಳಗೆ ಮಾಯವಾಗುವ ಹನಿ, 300 ಡಿಗ್ರಿಯಲ್ಲಿ ಒಂದು ನಿಮಿಷಕ್ಕೂ ಹೆಚ್ಚು ಕಾಲ ಉಳಿಯಬಲ್ಲದು. ಇದನ್ನು ಲೈಡನ್‌ಫ್ರಾಸ್ಟ್ ಪರಿಣಾಮ ಎನ್ನುತ್ತಾರೆ.

ಯೋಹಾನ್ ಗಾಟ್ಲೋಬ್ ಲೈಡನ್‌ಫ್ರಾಸ್ಟ್ ಜರ್ಮನಿಯ ಡೂಯಿಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ ವೈದ್ಯ. ಹನಿಯ ಈ ವಿಚಿತ್ರ ನಡತೆಯನ್ನು ಅವನಿಗಿಂತ ಮೊದಲೇ, 1732ರಲ್ಲಿ, ಹಾಲೆಂಡಿನ ಹರ್ಮನ್ ಬೋರ್‌ಹಾವೆ ಗುರುತಿಸಿದ್ದ. ಆದರೆ ಕೂತು ಸಮಯ ಅಳೆದವನು ಲೈಡನ್‌ಫ್ರಾಸ್ಟ್. ನೀರಿನ ಕೆಲವು ಗುಣಗಳ ಬಗ್ಗೆ 1756ರಲ್ಲಿ ಅವನು ಲ್ಯಾಟಿನ್‌ನಲ್ಲಿ ಒಂದು ಗ್ರಂಥ ಪ್ರಕಟಿಸಿದ. ಅದರಲ್ಲಿರುವ ಪ್ರಯೋಗಕ್ಕೆ ಬೇಕಾದದ್ದು ನುಣುಪಾದ ಒಂದು ಕಬ್ಬಿಣದ ಚಮಚ, ನಿಗಿನಿಗಿ ಕೆಂಡ ಮತ್ತು ಕಾಲ ಎಣಿಸಲು ಒಂದು ಲೋಲಕ, ಇಷ್ಟೇ.

ಚಮಚವನ್ನು ಕೆಂಪಗೆ ಕಾಯಿಸಿ, ಕೆಂಡದಿಂದ ತೆಗೆದು, ಅದರೊಳಗೆ ಒಂದು ಹನಿ ನೀರು ಬಿಟ್ಟ. ಹನಿ ಹರಡಲಿಲ್ಲ, ಕುದಿಯುವಂತೆಯೂ ಕಾಣಲಿಲ್ಲ. ಗುಂಡಗೆ ನಿಂತು ಗಿರ್ರನೆ ತಿರುಗುತ್ತ, ಸ್ವಲ್ಪಸ್ವಲ್ಪವೇ ಸಣ್ಣಗಾಗುತ್ತ, ಸುಮಾರು ಅರ್ಧ ನಿಮಿಷ ಉಳಿಯಿತು. ಅದು ಮುಗಿದ ಕೂಡಲೇ ಅದೇ ಚಮಚಕ್ಕೆ ಎರಡನೆಯ ಹನಿ ಬಿಟ್ಟ. ಅದು ಹತ್ತು ಸೆಕೆಂಡಿನಷ್ಟರಲ್ಲಿ ಮುಗಿಯಿತು. ಆಮೇಲಿನ ಹನಿಗಳು ಕೆಲವೇ ಸೆಕೆಂಡು ಬಾಳಿದವು. ಚಮಚ ಹೊತ್ತು ಹೋದಂತೆ ತಣ್ಣಗಾಗುತ್ತಿತ್ತೇ ಹೊರತು ಬಿಸಿಯಾಗುತ್ತಿರಲಿಲ್ಲ. ಅಂದರೆ ಅತಿ ಬಿಸಿಯಲ್ಲಿ ಬಿದ್ದ ಹನಿಯೇ ಎಲ್ಲಕ್ಕಿಂತ ಹೆಚ್ಚು ಬಾಳಿತ್ತು. ಹನಿಯ ಹಿಂದೆ ಮೇಣದಬತ್ತಿ ಇಟ್ಟು ನೋಡಿದಾಗ ಹನಿಗೂ ಲೋಹಕ್ಕೂ ನಡುವೆ ಬೆಳಕು ತೂರಿ ಬರುತ್ತಿತ್ತು. ಹನಿ ಚಮಚವನ್ನು ಮುಟ್ಟಿಯೇ ಇರಲಿಲ್ಲ.

ಆ ತೆರಪಿನಲ್ಲಿ ಇರುವುದು ಹನಿಯದೇ ಆವಿ. ತೀರಾ ಕಾದ ಲೋಹದ ಹತ್ತಿರ ಬರುತ್ತಿದ್ದಂತೆಯೇ ಹನಿಯ ತಳ ಆವಿಯಾಗುತ್ತದೆ. ಆ ಆವಿಗೆ ಪಕ್ಕಕ್ಕೆ ಹೊರಟುಹೋಗಲು ದಾರಿಯಿದೆ, ಆದರೆ ತೆರಪು ಕಿರಿದು. ನುಸುಳಿ ಹೋಗುವಾಗ ಅದರಲ್ಲಿ ಒತ್ತಡ ಹುಟ್ಟುತ್ತದೆ, ಹನಿಯ ತೂಕವನ್ನು ಹೊರಲು ಅಷ್ಟು ಒತ್ತಡ ಸಾಕು. ಹೊರಟುಹೋದಷ್ಟು ಆವಿಯನ್ನು ಹನಿಯ ತಳ ಮತ್ತೆ ಮತ್ತೆ ತುಂಬಿಕೊಡುತ್ತಲೇ ಇರುತ್ತದೆ. ಸಾಮಾನ್ಯ ಗಾತ್ರದ ಹನಿಯ ಕೆಳಗೆ ಈ ಪದರದ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು.

ಹನಿ ಜಾರಾಡುವುದಕ್ಕೂ ಇದೇ ಕಾರಣ. ಲೋಹಕ್ಕೆ ತಾಗದ ಹನಿಯನ್ನು ತಡೆದು ನಿಲ್ಲಿಸುವ ಘರ್ಷಣೆ ಇಲ್ಲವೆಂದೇ ಹೇಳಬೇಕು. ಕಾವಲಿ ಕೂದಲೆಳೆಯಷ್ಟು ವಾಲಿದ್ದರೂ ಸಾಕು, ಹನಿ ಆ ಕಡೆ ಹೊರಟುಬಿಡುತ್ತದೆ. ಪೂರ್ತಿ ಮಟ್ಟವಾಗಿದ್ದರೂ ಸಣ್ಣ ಹನಿ ಸುಮ್ಮನಿರುವುದಿಲ್ಲ. ಒಳಗಿನ ನೀರು ಸುತ್ತುತ್ತಾ ಹನಿಯ ತಳವನ್ನು ತುಸು ಓರೆಯಾಗಿಸುತ್ತದೆ, ಹನಿ ಚಕ್ರ ಉರುಳಿದ ಹಾಗೆ ತಾನಾಗಿ ಹೊರಡುತ್ತದೆ ಎಂದು ಫ್ರಾನ್ಸಿನ ಸಂಶೋಧಕರು 2018ರಲ್ಲಿ ತೋರಿಸಿದರು.

ಇನ್ನು ಆವಿಯಾಗುವುದು ಎಷ್ಟು ನಿಧಾನವಾಗುತ್ತದೆ ಎಂಬ ಲೆಕ್ಕ. ಡ್ರಾಪರ್‌ನಿಂದ ಬಿದ್ದ ಒಂದು ಹನಿ ತೆಗೆದುಕೊಳ್ಳೋಣ. ಅದರ ತೂಕ ಸುಮಾರು 50 ಮಿಲಿಗ್ರಾಂ. ಅದನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು 16 ಜೂಲ್ ಶಾಖ ಸಾಕು. ಆಮೇಲೆ ಅಷ್ಟನ್ನೂ ಆವಿ ಮಾಡಲು ಇನ್ನೂ 113 ಜೂಲ್ ಬೇಕು. ಒಟ್ಟು 130 ಜೂಲ್ ಎಂದುಕೊಳ್ಳಿ. ಕಾವಲಿ ಎಷ್ಟೇ ಬಿಸಿಯಿರಲಿ, ಈ ಬೇಡಿಕೆ ಹೆಚ್ಚುಕಡಿಮೆ ಇಷ್ಟೇ. ವ್ಯತ್ಯಾಸ ಇರುವುದು ಅದು ಎಷ್ಟು ವೇಗವಾಗಿ ಪೂರೈಕೆಯಾಗುತ್ತದೆ ಎಂಬುದರಲ್ಲಿ.

ಹದವಾಗಿ ಕಾದ ಕಾವಲಿಯಲ್ಲಿ ಹನಿ ಹರಡಿಕೊಂಡು ಸುಮಾರು ಒಂದು ಚದರ ಸೆಂಟಿಮೀಟರ್ ಜಾಗ ಹಿಡಿಯುತ್ತದೆ. ನೀರು ಲೋಹಕ್ಕೆ ತಾಗಿ ಭರದಿಂದ ಕುದಿಯುವಾಗ ಚದರ ಸೆಂಟಿಮೀಟರಿಗೆ 100 ವ್ಯಾಟ್‌ನಷ್ಟು ಶಾಖ ಹರಿಯಬಲ್ಲದು, ಅಂದರೆ ಸೆಕೆಂಡಿಗೆ 100 ಜೂಲ್. ಹೀಗಾಗಿ 130 ಜೂಲ್ ಪೂರೈಸಲು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತದೆ.

300 ಡಿಗ್ರಿಯ ಕಾವಲಿಯಲ್ಲಿ ಎರಡು ಸಂಗತಿ ಬದಲಾಗುತ್ತವೆ. ಒಂದು, ನಡುವೆ ಆವಿ ಬಂದು ಕೂತಿದೆ. ಆವಿ ಶಾಖವನ್ನು ಸಾಗಿಸುವುದರಲ್ಲಿ ನೀರಿಗಿಂತ ಸುಮಾರು ಇಪ್ಪತ್ತು ಪಟ್ಟು ಸೋಮಾರಿ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪದ ಪದರವನ್ನು ದಾಟಿ ಬರುವುದು ಚದರ ಸೆಂಟಿಮೀಟರಿಗೆ ಏಳು ವ್ಯಾಟ್ ಮಾತ್ರ. ಎರಡು, ಗುಂಡಾದ ಹನಿ ಲೋಹಕ್ಕೆ ಎದುರಾಗಿ ಒಡ್ಡುವ ಜಾಗವೂ ಚಿಕ್ಕದು, ಒಂದು ಚದರ ಸೆಂಟಿಮೀಟರಿನ ಹತ್ತನೇ ಒಂದು ಭಾಗದಷ್ಟು. ಎರಡೂ ಸೇರಿ ಹನಿಗೆ ಸಿಗುವುದು ಒಂದು ವ್ಯಾಟ್‌ಗಿಂತ ಕಡಿಮೆ. ಈ ಲೆಕ್ಕದಲ್ಲಿ ಹನಿ ಎರಡು-ಮೂರು ನಿಮಿಷ ಬಾಳಬೇಕು. ಹನಿ ಸಣ್ಣಗಾದಂತೆ ಪದರವೂ ತೆಳುವಾಗುತ್ತದೆ, ಕಾವಲಿಯ ಸುತ್ತಲಿನ ಬಿಸಿಯೂ ತಾಗುತ್ತದೆ. ಹಾಗಾಗಿ ನಿಜದಲ್ಲಿ ಅವಧಿ ಅದಕ್ಕಿಂತ ಕಡಿಮೆ, ಒಂದೆರಡು ನಿಮಿಷ. ಆದರೂ ಮೊದಲಿನ ಒಂದು ಸೆಕೆಂಡಿಗೆ ಹೋಲಿಸಿದರೆ ಅಂತರ ಅಗಾಧ. ಕಾವಲಿಯನ್ನು ಇನ್ನೂ ಕಾಯಿಸುತ್ತ ಹೋದರೆ ಹನಿಯ ಆಯಸ್ಸು ಮತ್ತೆ ನಿಧಾನವಾಗಿ ಇಳಿಯುತ್ತದೆ, ಆದರೆ ಆ ಒಂದು ಸೆಕೆಂಡಿನ ಹತ್ತಿರಕ್ಕೂ ಬರುವುದಿಲ್ಲ.

ಹನಿ ಯಾವ ಉಷ್ಣತೆಯಲ್ಲಿ ತೇಲತೊಡಗುತ್ತದೆ? ಇದಕ್ಕೆ ಒಂದೇ ಸಂಖ್ಯೆ ಇಲ್ಲ. ನುಣುಪಾದ ಲೋಹದ ಪಾತ್ರೆಗಳಲ್ಲಿ ನೀರಿಗೆ 200 ಡಿಗ್ರಿ ಆಸುಪಾಸು ಎನ್ನಬಹುದು. ಮೇಲ್ಮೈ ಒರಟಾಗಿದ್ದರೆ ಅದರ ಉಬ್ಬುಗಳು ಆವಿಯ ಪದರವನ್ನು ಚುಚ್ಚಿ ನೀರನ್ನು ಮುಟ್ಟುತ್ತವೆ, ಆಗ ಇನ್ನೂ ಹೆಚ್ಚು ಕಾಯಿಸಬೇಕಾಗುತ್ತದೆ. ಆ ಹಂತಕ್ಕೆ ಸ್ವಲ್ಪ ಕೆಳಗಿನ ಕಾವಿನಲ್ಲಿ ಹನಿ ಹರಡುವುದೂ ಇಲ್ಲ, ನೆಮ್ಮದಿಯಾಗಿ ತೇಲುವುದೂ ಇಲ್ಲ. ಚಟಪಟ ಎಂದು ಸಿಡಿದು ಚೂರಾಗುತ್ತದೆ. ಮನೆಯಲ್ಲಿ ನೋಡಬೇಕೆನ್ನುವವರು ಕಬ್ಬಿಣದ ಅಥವಾ ಸ್ಟೀಲಿನ ಒಣ ಕಾವಲಿಯಲ್ಲಿ ನೋಡಬಹುದು. ನಾನ್‌ಸ್ಟಿಕ್ ಪಾತ್ರೆಯನ್ನು ಖಾಲಿಯಾಗಿ ಇಷ್ಟು ಕಾಯಿಸಿದರೆ ಅದರ ಲೇಪನ ಕೆಟ್ಟು ಹಾನಿಕರ ಹೊಗೆ ಬರುತ್ತದೆ. ಎಣ್ಣೆ ಇರುವ ಬಾಣಲೆಗಂತೂ ನೀರು ಹಾಕಲೇಬಾರದು. ಅಲ್ಲಿ ನೀರು ಎಣ್ಣೆಯ ತಳಕ್ಕಿಳಿದು, ಆವಿಯಾಗಿ ಉಬ್ಬಿ, ಕಾದ ಎಣ್ಣೆಯನ್ನು ಮೈಮೇಲೆ ಎರಚುತ್ತದೆ.

ಬಿಸಿ ಎಂಬುದು ಇಲ್ಲಿ ಸಾಪೇಕ್ಷ. ಹಸುಗಳ ಕೃತಕ ಗರ್ಭಧಾರಣೆಗೆ ಬಳಸುವ ವೀರ್ಯವನ್ನು ದ್ರವ ಸಾರಜನಕದ ಪೀಪಾಯಿಗಳಲ್ಲಿ ಇಟ್ಟಿರುತ್ತಾರೆ. ಆ ದ್ರವ ಕುದಿಯುವುದು ಮೈನಸ್ 196 ಡಿಗ್ರಿಯಲ್ಲಿ. ಪೀಪಾಯಿ ತುಂಬುವಾಗ ನೆಲಕ್ಕೆ ಚೆಲ್ಲಿದರೆ ಅದು ನೆಲವನ್ನು ಒದ್ದೆ ಮಾಡುವುದಿಲ್ಲ, ಗುಂಡುಗುಂಡಾಗಿ ಬಾಗಿಲಾಚೆಯವರೆಗೂ ಓಡುತ್ತದೆ. ನಮಗೆ ತಣ್ಣಗೆನಿಸುವ ಸಿಮೆಂಟು ನೆಲ ಅದರ ಪಾಲಿಗೆ 200 ಡಿಗ್ರಿಗೂ ಹೆಚ್ಚು ಬಿಸಿಯಾದ ಕಾವಲಿ. ಚರ್ಮಕ್ಕೆ ಒಂದು ಹನಿ ಸಿಡಿದರೆ ಉರುಳಿ ಹೋಗುವುದೂ ಇದರಿಂದಲೇ. ಆದರೆ ಈ ರಕ್ಷಣೆಯನ್ನು ನಂಬಿಕೊಳ್ಳುವಂತಿಲ್ಲ. ಬಟ್ಟೆಯ ಮಡಿಕೆಯಲ್ಲೋ ಚಪ್ಪಲಿಯೊಳಗೋ ದ್ರವ ನಿಂತುಬಿಟ್ಟರೆ ಅಲ್ಲಿನ ಚರ್ಮ ತಣಿಯುತ್ತದೆ, ಪದರ ಕುಸಿಯುತ್ತದೆ, ಚಳಿಯೇ ಸುಟ್ಟ ಗಾಯ ಮಾಡುತ್ತದೆ.

ಈ ಪದರ ತೊಂದರೆ ಕೊಡುವ ಜಾಗ ಕುಲುಮೆ. ಉಕ್ಕಿನ ಕುಡುಗೋಲಿಗೋ ಉಳಿಗೋ ಹದ ಹಾಕುವಾಗ ಅದನ್ನು 800 ಡಿಗ್ರಿ ಆಸುಪಾಸಿಗೆ ಕಾಯಿಸಿ ನೀರಿನಲ್ಲಿ ಅದ್ದುತ್ತಾರೆ. ಉಕ್ಕು ಗಟ್ಟಿಯಾಗಬೇಕಾದರೆ ಅದು ಬೇಗ ತಣಿಯಬೇಕು, ಅದರಲ್ಲೂ 700ರಿಂದ 500 ಡಿಗ್ರಿಯವರೆಗಿನ ಇಳಿತ ಚುರುಕಾಗಿರಬೇಕು. ನೀರಿಗೆ ಇಳಿದ ಕೂಡಲೇ ಉಕ್ಕಿನ ಮೈಗೆ ಆವಿಯ ಹೊದಿಕೆ ಕವಿದರೆ ಅಲ್ಲೇ ತಡವಾಗುತ್ತದೆ. ಹೊದಿಕೆ ಎಲ್ಲಿ ಹೆಚ್ಚು ಹೊತ್ತು ನಿಂತಿತೋ ಅಲ್ಲಿ ಅಲಗು ಮೆತ್ತಗೆ ಉಳಿಯುತ್ತದೆ. ಅಂಥ ಜಾಗಕ್ಕೆ ಅರ ಹಚ್ಚಿದರೆ ಕಚ್ಚುತ್ತದೆ. ಹದ ಸರಿಯಾಗಿ ಕೂತ ಕಡೆ ಅರ ಜಾರುತ್ತದೆ.

ಸದ್ದಿನಲ್ಲೂ ಗುರುತು ಸಿಗುತ್ತದೆ. ಹೊದಿಕೆ ಇರುವಷ್ಟು ಹೊತ್ತು ಸದ್ದು ತಗ್ಗಿರುತ್ತದೆ. ಅದು ಹರಿದು ನೀರು ಲೋಹಕ್ಕೆ ತಾಗಿದಾಗ ಭೋರ್ಗರೆತ ಶುರುವಾಗುತ್ತದೆ. ಅದ್ದಿದ ಲೋಹವನ್ನು ಸುಮ್ಮನೆ ಹಿಡಿಯದೆ ನೀರಿನಲ್ಲಿ ಆಡಿಸುತ್ತಿರುವುದು ಆ ಭೋರ್ಗರೆತವನ್ನು ಬೇಗ ಬರಿಸುವುದಕ್ಕೆ. ನೀರಿಗೆ ಉಪ್ಪು ಹಾಕುವ ಕ್ರಮದ ಹಿಂದೆಯೂ ಇದೇ ಲೆಕ್ಕವಿದೆ. ಲೋಹದ ಪಕ್ಕದ ನೀರು ಆವಿಯಾದಾಗ ಉಳಿದ ಉಪ್ಪಿನ ಹರಳುಗಳು ಮೈಮೇಲೆ ಸಿಡಿದು ಹೊದಿಕೆಯನ್ನು ಹರಿಯುತ್ತವೆ.

ಲೈಡನ್‌ಫ್ರಾಸ್ಟ್ ತನ್ನ ಹನಿಯ ಕೊನೆಯನ್ನೂ ಬರೆದಿಟ್ಟಿದ್ದ. ಕಿರಿದಾಗುತ್ತ ಬಂದ ಹನಿ ಕಡೆಗೆ ಚಟ್ಟೆಂದು ಸಿಡಿದು, ಚಮಚದಲ್ಲಿ ಒಂದು ಚೂರು ಮಣ್ಣು ಉಳಿಯುತ್ತಿತ್ತು. ನೀರಿನ ಒಂದು ಭಾಗವೇ ಮಣ್ಣಾಗಿ ಮಾರ್ಪಡುತ್ತದೆ ಎಂದು ಅವನು ಭಾವಿಸಿದ. ಆ ಸದ್ದಿಗೆ ವಿವರಣೆ ಬಂದದ್ದು 2019ರಲ್ಲಿ. ಹನಿ ಕಿರಿದಾದಂತೆ ಅದರಲ್ಲಿದ್ದ ಕಸದ ಕಣಗಳು ಮೇಲ್ಮೈಗೆ ಬಂದು ಕವಿಯುತ್ತವೆ, ಆವಿ ಹುಟ್ಟುವುದು ತಗ್ಗುತ್ತದೆ, ಹನಿಯನ್ನು ಹೊರಲಾರದೆ ಪದರ ಕುಸಿಯುತ್ತದೆ, ಹನಿ ಲೋಹಕ್ಕೆ ತಾಗಿ ಸಿಡಿಯುತ್ತದೆ. ಮೊದಲಿನಿಂದಲೇ ಸಣ್ಣದಾಗಿದ್ದ ಹನಿ ಹೀಗೆ ಸಿಡಿಯುವುದಿಲ್ಲ. ಅದರಲ್ಲಿ ಕಸ ಕಡಿಮೆ, ತೂಕವೂ ಕಡಿಮೆ. ಕೊನೆಗಾಲದಲ್ಲಿ ತನ್ನದೇ ಆವಿಯ ಒತ್ತಡಕ್ಕೆ ಕಾವಲಿ ಬಿಟ್ಟು ಮೇಲಕ್ಕೆ ನೆಗೆದು ಮುಗಿದುಹೋಗುತ್ತದೆ.