ನಿಮಗಿದು ಗೊತ್ತೇ? ಯಂತ್ರದ ಬರಹ ಹಿಡಿಯುವ ಡಿಟೆಕ್ಟರ್ ಬೇಗ ಹಳತಾಗುತ್ತದೆ!

● ಡಿಟೆಕ್ಟರ್ ಬರಹದ ಅರ್ಥ ನೋಡುವುದಿಲ್ಲ. ಮನುಷ್ಯರು ಬರೆದ ಪುಟಗಳನ್ನೂ ಆ ಕಾಲದ ಎಐ ಮಾದರಿಗಳು ಬರೆದ ಪುಟಗಳನ್ನೂ ತೋರಿಸಿ ಅದಕ್ಕೆ ಸಾಮಾನ್ಯವಾಗಿ ತರಬೇತಿ ಕೊಟ್ಟಿರುತ್ತಾರೆ. ಯಾವ ಪದದ ಬೆನ್ನಿಗೆ ಯಾವ ಪದ ಬರುತ್ತದೆ, ಯಾವುದು ಮರುಕಳಿಸುತ್ತದೆ ಎಂಬ ಚಾಳಿಯನ್ನಷ್ಟೇ ಅದು ಕಲಿಯುತ್ತದೆ. ಹೊಸ ಮಾದರಿಯ ಚಾಳಿ ಬೇರೆ. ಡಿಟೆಕ್ಟರ್ ಮಾತ್ರ ಹಳೆಯದನ್ನೇ ಹುಡುಕುತ್ತಿರುತ್ತದೆ.

● ಇದು 2019ರಲ್ಲೇ ಕಂಡುಬಂತು. ಓಪನ್‌ಎಐ ಸಂಸ್ಥೆ ಜಿಪಿಟಿ-2 ಮಾದರಿಯನ್ನು ಸಣ್ಣದರಿಂದ ದೊಡ್ಡದರವರೆಗೆ ನಾಲ್ಕು ಗಾತ್ರಗಳಲ್ಲಿ ಹೊರತಂದಿತು. ದೊಡ್ಡ ಮಾದರಿಯ ಬರಹ ನೋಡಿ ಕಲಿತ ಡಿಟೆಕ್ಟರ್ ಸಣ್ಣದರ ಬರಹವನ್ನು ಚೆನ್ನಾಗಿ ಹಿಡಿಯಿತು. ಸಣ್ಣದನ್ನು ನೋಡಿ ಕಲಿತದ್ದು ದೊಡ್ಡದರ ಮುಂದೆ ಎಡವಿತು. ಮುಂದೆ ಬರುವ ಮಾದರಿ ಸಾಮಾನ್ಯವಾಗಿ ಹೆಚ್ಚು ಸಮರ್ಥವಾಗಿರುವುದರಿಂದ ಡಿಟೆಕ್ಟರ್ ಸದಾ ಒಂದು ಹೆಜ್ಜೆ ಹಿಂದೆಯೇ.

● ಜಿಪಿಟಿ-2ರ ಬರಹವನ್ನು ಸುಮಾರು 95% ಸರಿಯಾಗಿ ಗುರುತಿಸುವ ಡಿಟೆಕ್ಟರ್ ಮಾಡಿದ್ದ ಅದೇ ಸಂಸ್ಥೆ 2023ರ ಜನವರಿಯಲ್ಲಿ ಹೊಸ ಡಿಟೆಕ್ಟರ್ ತಂದಿತು. ಅದು ಯಂತ್ರದ ಬರಹದಲ್ಲಿ ಹಿಡಿದದ್ದು 26% ಮಾತ್ರ. ಮನುಷ್ಯರ ಬರಹದಲ್ಲಿ 9%ರಷ್ಟನ್ನು ಯಂತ್ರದ್ದೆಂದಿತು. ನಿಖರತೆ ಸಾಲದೆಂದು ಜುಲೈನಲ್ಲೇ ಹಿಂಪಡೆದರು.

● ಈ ಅಂಕಿಗಳನ್ನು ಭಾಲ್ಕಿಯ ಒಂದು ಕಾಲೇಜಿಗೆ ಅನ್ವಯಿಸಿ ನೋಡಿ. 100 ಪ್ರಾಜೆಕ್ಟ್ ವರದಿಗಳಲ್ಲಿ 10 ಯಂತ್ರದ್ದು, 90 ವಿದ್ಯಾರ್ಥಿಗಳದ್ದು ಎನ್ನಿ. ಹತ್ತರಲ್ಲಿ ಸಿಕ್ಕಿಬೀಳುವುದು ಎರಡೋ ಮೂರೋ. ತೊಂಬತ್ತರಲ್ಲಿ ಸುಮಾರು ಎಂಟು ಮಂದಿಯ ಮೇಲೆ ಸುಳ್ಳು ಆರೋಪ. ಅಂದರೆ ಗುರುತು ಬಿದ್ದವರಲ್ಲಿ ಹೆಚ್ಚಿನವರು ನಿರಪರಾಧಿಗಳು!

● ಔರಾದ್ ಕಡೆಯ ಎಷ್ಟೋ ಮನೆಗಳಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಇಂಥ ಮನೆಗಳ ವಿದ್ಯಾರ್ಥಿಗಳಿಗೆ ಅಪಾಯ ಇನ್ನೂ ಹೆಚ್ಚು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ 91 ಟೋಫೆಲ್ ಪ್ರಬಂಧಗಳನ್ನು ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ಏಳು ಡಿಟೆಕ್ಟರ್‌ಗಳಿಗೆ ಕೊಟ್ಟರು. ಸರಾಸರಿ 61% ಪ್ರಬಂಧಗಳು ಯಂತ್ರದವೆಂದು ತೀರ್ಪು ಬಂತು. ಸರಳ, ಪರಿಚಿತ ಪದಗಳ ಬರಹದಲ್ಲಿ ಮುಂದಿನ ಪದವನ್ನು ಊಹಿಸುವುದು ಸುಲಭ. ಡಿಟೆಕ್ಟರ್‌ಗೆ ಅದೇ ಯಂತ್ರದ ಗುರುತು.

● ಡಿಟೆಕ್ಟರ್ ಹಳತಾಗಿದೆಯೇ ಎಂದು ಬೀದರ್‌ನ ಯಾವ ಕಾಲೇಜಾದರೂ ಪರೀಕ್ಷಿಸಬಹುದು. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ರಂದು. ಅದಕ್ಕೂ ಕೆಲವು ವರ್ಷ ಹಿಂದಿನ ವರದಿಗಳು ಗ್ರಂಥಾಲಯದಲ್ಲಿ ಇದ್ದೇ ಇರುತ್ತವೆ. ಅವುಗಳನ್ನು ಡಿಟೆಕ್ಟರ್‌ಗೆ ಕೊಟ್ಟಾಗ ಎಷ್ಟಕ್ಕೆ 'ಯಂತ್ರ' ಎನ್ನುತ್ತದೋ ಅಷ್ಟೂ ಸುಳ್ಳು ಆರೋಪ. ಬಳಿಕ ಇವತ್ತಿನ ಮಾದರಿಯಿಂದ ಅದೇ ವಿಷಯಗಳ ಮೇಲೆ ಬರೆಸಿ ಕೊಡಬೇಕು. ತಪ್ಪಿಸಿಕೊಂಡದ್ದೆಷ್ಟು ಎಂಬುದು ಆಗ ತಿಳಿಯುತ್ತದೆ. ಹೊಸ ಮಾದರಿ ಬಂದಾಗಲೆಲ್ಲ ಈ ಎರಡನೆಯ ಪರೀಕ್ಷೆಯನ್ನು ಮತ್ತೆ ಮಾಡಲೇಬೇಕು. ಮಾಡದೆ ಡಿಟೆಕ್ಟರ್ ಹೇಳಿತೆಂದು ವಿದ್ಯಾರ್ಥಿಯ ಅಂಕ ಕಡಿಯುವುದು ಅನ್ಯಾಯ.