ತಪ್ಪಿನ ಹಿಂದೆಯೂ ಒಂದು ನಿಯಮ

(ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ನಿವೃತ್ತರಾದ ಕನ್ನಡ ಶಿಕ್ಷಕಿಯೊಬ್ಬರು ಬೀಳ್ಕೊಡುಗೆ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಹಾರ ಹಾಕಿದ್ದೀರಿ, ಶಾಲು ಹೊದಿಸಿದ್ದೀರಿ. ನನ್ನ ಬಗ್ಗೆ ಒಳ್ಳೆಯ ಮಾತುಗಳನ್ನು ಆಡಿದ್ದೀರಿ. ನನಗೆ ಕೊಟ್ಟಿರುವ ಈ ಸ್ವಲ್ಪ ಹೊತ್ತನ್ನು ನಾನು ವ್ಯಾಕರಣಕ್ಕೇ ಬಳಸುತ್ತೇನೆ. ಇಷ್ಟು ವರ್ಷ ಅದನ್ನೇ ಹೇಳಿಕೊಟ್ಟೆ. ಅದು ನನಗೆ ಏನು ಕಲಿಸಿತು ಎಂಬುದನ್ನು ಹೊಸದಾಗಿ ಬಂದಿರುವ ಶಿಕ್ಷಕರಿಗೆ ಮೂರು ಉದಾಹರಣೆಗಳಲ್ಲಿ ಒಪ್ಪಿಸಿ ಹೋಗಬೇಕು.

'ಅಮ್ಮ ಬಂತು'

ನಮ್ಮ ಕಡೆಯ ಶಾಲೆಗಳಲ್ಲಿ ಕನ್ನಡ ಕಲಿಸಿದ ಯಾರಿಗೇ ಆಗಲಿ ಈ ವಾಕ್ಯ ಗೊತ್ತು: 'ಅಮ್ಮ ಸಂತೆಯಿಂದ ಬಂತು. ಅಕ್ಕ ಅಡುಗೆ ಮಾಡಿತು.' ಹೊರಗಿನಿಂದ ವರ್ಗವಾಗಿ ಬಂದ ಶಿಕ್ಷಕರು ಇದನ್ನು ನೋಡಿ ಗಾಬರಿಯಾಗುತ್ತಾರೆ. ಈ ಹುಡುಗ ಹೆತ್ತ ತಾಯಿಯನ್ನೇ ದನಕರುವಿನ ಸಾಲಿಗೆ ಸೇರಿಸಿದ್ದಾನಲ್ಲ ಎಂದು ಬೇಸರಪಡುತ್ತಾರೆ. ಆದರೆ ಇದರಲ್ಲಿ ಅಗೌರವವೂ ಇಲ್ಲ, ಅಜಾಗರೂಕತೆಯೂ ಇಲ್ಲ.

ಮುಳಬಾಗಿಲು, ಶ್ರೀನಿವಾಸಪುರ ಆಂಧ್ರದ ಗಡಿಯಲ್ಲಿವೆ. ನಮ್ಮ ಮಾಲೂರಿಗೆ ತಮಿಳುನಾಡಿನ ಹೊಸೂರು ಪಕ್ಕದಲ್ಲೇ ಇದೆ. ಎಷ್ಟೋ ಮಕ್ಕಳ ಮನೆಮಾತು ತೆಲುಗು. ತೆಲುಗಿನ ಏಕವಚನದಲ್ಲಿ ಗಂಡಸರಿಗೆ ಒಂದು ಕ್ರಿಯಾಪದ, ಉಳಿದವರಿಗೆಲ್ಲ ಇನ್ನೊಂದು. 'ಅಮ್ಮ ವಚ್ಚಿಂದಿ' ಎನ್ನುತ್ತಾರೆ, 'ಆವು ವಚ್ಚಿಂದಿ' ಎಂದೂ ಎನ್ನುತ್ತಾರೆ. ತಾಯಿಗೂ ಹಸುವಿಗೂ ಒಂದೇ ಕ್ರಿಯಾಪದ. ಅದು ಆ ಭಾಷೆಯ ಕಟ್ಟು. ಕನ್ನಡ ಇಲ್ಲಿ ಮೂರು ಭಾಗ ಮಾಡುತ್ತದೆ: ಅಪ್ಪ ಬಂದನು, ಅಮ್ಮ ಬಂದಳು, ಹಸು ಬಂತು. ಎರಡು ಮನೆ ಇರುವ ಭಾಷೆಯಿಂದ ಮೂರು ಮನೆ ಇರುವ ಭಾಷೆಗೆ ಬಂದ ಮಗು, ಅಮ್ಮನನ್ನು ತನಗೆ ಗೊತ್ತಿರುವ ಮನೆಯಲ್ಲೇ ಇಡುತ್ತದೆ.

ಇದು ಮನೆಮಾತಿನ ನಿಯಮವೇ ಹೊರತು ನಿರ್ಲಕ್ಷ್ಯವಲ್ಲ ಎಂದು ತಿಳಿಯುವುದು ಹೇಗೆ? ಅದಕ್ಕೆ ಎರಡು ಗುರುತುಗಳಿವೆ. ಅದೇ ಹುಡುಗನಿಗೆ ಬಹುವಚನ ಕೊಟ್ಟು ನೋಡಿ. 'ಹೆಂಗಸರು ಬಂದರು, ಹಸುಗಳು ಬಂದವು' ಎಂದು ಸರಿಯಾಗಿಯೇ ಬರೆಯುತ್ತಾನೆ. ಏಕೆಂದರೆ ಬಹುವಚನದಲ್ಲಿ ತೆಲುಗು ಕೂಡ ಹೆಂಗಸರನ್ನು ಮನುಷ್ಯರ ಜೊತೆಗೇ ಸೇರಿಸಿ 'ವಚ್ಚಾರು' ಎನ್ನುತ್ತದೆ, ಹಸುಗಳಿಗೆ 'ವಚ್ಚಾಯಿ' ಎಂದು ಬೇರೆ ಮಾಡುತ್ತದೆ. ನಿರ್ಲಕ್ಷ್ಯದಿಂದ ಆದ ತಪ್ಪಾಗಿದ್ದರೆ ಎಲ್ಲ ಕಡೆಯೂ ಆಗಬೇಕಿತ್ತು. ಎರಡನೆಯ ಗುರುತು ತಮಿಳು ಮನೆಯ ಮಗು. ತಮಿಳಿನಲ್ಲಿ 'ಅವಳ್ ವಂದಾಳ್' ಬೇರೆ, 'ಅದು ವಂದದು' ಬೇರೆ. ಆ ಮಗುವಿಗೆ ಕನ್ನಡದ ಈ ಭೇದ ಹೊಸದಲ್ಲ, ಆದ್ದರಿಂದ ಇಲ್ಲಿ ಎಡವಲು ಅದಕ್ಕೆ ಕಾರಣವೂ ಇಲ್ಲ.

ಇದಕ್ಕೆ ಮದ್ದು ಸುಲಭ. ಕರಿಹಲಗೆಯ ಮೇಲೆ ಎಡಕ್ಕೆ ತೆಲುಗಿನ ಮೂರು ವಾಕ್ಯ, ಬಲಕ್ಕೆ ಕನ್ನಡದ ಮೂರು ವಾಕ್ಯ ಬರೆಯಿರಿ. ಎಲ್ಲಿ ಒಂದು ಎರಡಾಯಿತು ಎಂಬುದನ್ನು ಮಗುವಿನ ಬಾಯಿಂದಲೇ ಹೇಳಿಸಿ. 'ಬಂದಳು' ಎಂದು ನೂರು ಸಲ ಬರೆಸಿದರೂ ಆಗದ ಕೆಲಸ ಇದರಿಂದ ಆಗುತ್ತದೆ.

ಇನ್ನೊಂದು ಮಾತು. 'ಹುಡುಗಿ ಓಡಿದಳು' ಎಂಬುದರ ಜೊತೆಗೆ 'ಹುಡುಗಿ ಓಡಿತು' ಎಂಬುದನ್ನೂ ನಮ್ಮ ವ್ಯಾಕರಣ ಒಪ್ಪಿಕೊಂಡಿದೆ. ಅದನ್ನು ಸ್ತ್ರೀನಪುಂಸಕ ಲಿಂಗ ಎಂದು ಕರೆಯುತ್ತದೆ. ಹೀಗಿರುವಾಗ 'ಅಮ್ಮ ಬಂತು' ಎಂದ ಮಗುವನ್ನು ನೋಡಿ ನಗುವುದಕ್ಕೆ ಕಾರಣವೇ ಇಲ್ಲ.

ಯಾರೂ ಹೇಳಿಕೊಡದ ನಿಯಮ

ಎರಡನೆಯದು ಚತುರ್ಥಿ ವಿಭಕ್ತಿ. ಪುಸ್ತಕದಲ್ಲಿ 'ಗೆ, ಇಗೆ, ಕ್ಕೆ' ಮುಂತಾದ ಪ್ರತ್ಯಯಗಳಿವೆ. ಯಾವುದು ಎಲ್ಲಿ ಎಂದು ಬಾಯಿಪಾಠ ಮಾಡಿಸುವ ಮೊದಲು ಒಂದು ಕೆಲಸ ಮಾಡಿ. ಇದು ಕಲ್ಲಿನಲ್ಲಿ ವಿಗ್ರಹ ಕೆತ್ತುವವರ ಊರು. ಕಲ್ಲು, ಉಳಿ, ವಿಗ್ರಹ, ಅಣ್ಣ ಎಂಬ ನಾಲ್ಕು ಪದ ಕೊಡಿ. ಮಕ್ಕಳು ಒಂದು ಕ್ಷಣವೂ ತಡೆಯದೆ ಕಲ್ಲಿಗೆ, ಉಳಿಗೆ, ವಿಗ್ರಹಕ್ಕೆ, ಅಣ್ಣನಿಗೆ ಎನ್ನುತ್ತಾರೆ.

ಅದು ರೂಢಿ ಇರಬಹುದು ಎನ್ನುವಿರಾ? ಹಾಗಾದರೆ ಎಲ್ಲೂ ಇಲ್ಲದ ಪದವೊಂದನ್ನು ಕಟ್ಟಿ ಕೇಳಿ. 'ಮಿಬ್ಬ ಅಂತ ಒಂದು ಸಾಮಾನು ಇದೆ, ಅದರ ಮೇಲೆ ಬಣ್ಣ ಹಚ್ಚಬೇಕು. ಯಾವುದಕ್ಕೆ ಬಣ್ಣ?' ಎಂದರೆ 'ಮಿಬ್ಬಕ್ಕೆ' ಎನ್ನುತ್ತಾರೆ. 'ಮಿಬ್ಬ ಅಂತ ಒಬ್ಬ ಹುಡುಗ ಇದ್ದಾನೆ, ಯಾರಿಗೆ ಊಟ?' ಎಂದರೆ 'ಮಿಬ್ಬನಿಗೆ' ಎನ್ನುತ್ತಾರೆ. ಆ ಪದವನ್ನು ಅವರು ಹಿಂದೆಂದೂ ಕೇಳಿಲ್ಲ. 'ಅ' ಕಾರದಲ್ಲಿ ಮುಗಿಯುವ ವಸ್ತುವಾಚಕಕ್ಕೆ 'ಕ್ಕೆ', ಗಂಡಸಿನ ಹೆಸರಾದರೆ ನಡುವೆ 'ನ' ಬಂದು 'ಇಗೆ' ಎಂಬ ನಿಯಮ ಶಾಲೆಗೆ ಬರುವ ಮೊದಲೇ ಅವರ ನಾಲಿಗೆಯಲ್ಲಿ ಕುಳಿತಿದೆ. 1958ರಲ್ಲಿ ಅಮೆರಿಕದ ಜೀನ್ ಬರ್ಕೊ 'ವಗ್' ಎಂಬ ಇಲ್ಲದ ಹಕ್ಕಿಯ ಚಿತ್ರ ತೋರಿಸಿ, ಎರಡಿದ್ದರೆ ಏನೆನ್ನುತ್ತೀರಿ ಎಂದು ಪುಟ್ಟ ಮಕ್ಕಳನ್ನು ಕೇಳಿ ಕಂಡುಕೊಂಡದ್ದೂ ಇದನ್ನೇ.

ಇಷ್ಟು ಬಲ್ಲ ಮಗು ಪರೀಕ್ಷೆಯಲ್ಲಿ 'ಕ್ಕೆ ಯಾವ ವಿಭಕ್ತಿ?' ಎಂದಾಗ ಮಂಕಾಗುತ್ತದೆ. ಅದಕ್ಕೆ ಬಾರದಿರುವುದು ಹೆಸರು ಮಾತ್ರ. ಮೊದಲು ಮಿಬ್ಬದ ಆಟ ಆಡಿಸಿ, ನಿಯಮವನ್ನು ಮಕ್ಕಳೇ ಕಂಡುಕೊಳ್ಳಲಿ, ಚತುರ್ಥಿ ಎಂಬ ಹೆಸರು ಆಮೇಲೆ ಬರಲಿ.

ಪುಸ್ತಕದಲ್ಲಿ ಮಾತ್ರ ಇರುವುದು

ಮೂರನೆಯದು ಪಂಚಮಿ. 'ಮರದ ದೆಸೆಯಿಂದ ಹಣ್ಣು ಬಿತ್ತು' ಎಂದು ಬರೆಸುತ್ತೇವೆ. 'ಮಿಸ್, ಹಾಗೆ ಯಾರು ಅಂತಾರೆ?' ಎಂದು ಪ್ರತಿ ತರಗತಿಯಲ್ಲೂ ಒಬ್ಬರಾದರೂ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು. 'ಮರದಿಂದ ಹಣ್ಣು ಬಿತ್ತು', 'ಸುತ್ತಿಗೆಯಿಂದ ಹೊಡೆದ' ಎಂಬ ಎರಡು ಕಡೆಯೂ ಕನ್ನಡಿಗರು ಆಡುವುದು 'ಇಂದ' ಒಂದನ್ನೇ. ಸಂಸ್ಕೃತದಲ್ಲಿ ಇವೆರಡೂ ಬೇರೆ ವಿಭಕ್ತಿಗಳು. ಆ ಏಳು ಸಾಲಿನ ಚೌಕಟ್ಟನ್ನು ತುಂಬಲು ಕನ್ನಡದಲ್ಲೂ ಐದನೆಯ ಪ್ರತ್ಯಯ ಬೇಕಾಯಿತು. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ 'ಅತ್ತಣಿಂ' ಎಂದ, ಹೊಸಗನ್ನಡ 'ದೆಸೆಯಿಂದ' ಎಂದಿತು. ಎರಡನ್ನೂ ಬಿಡಿಸಿ ನೋಡಿದರೆ ಕೊನೆಯಲ್ಲಿ ಇರುವುದು ಅದೇ 'ಇಂ', ಅದೇ 'ಇಂದ'. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ಡಿ.ಎನ್. ಶಂಕರ ಭಟ್ಟರು ವಾದಿಸಿದ್ದು ಇಂಥ ಕಡೆಗಳನ್ನು ಕಂಡೇ.

ಹಾಗೆಂದು ಪಂಚಮಿಯನ್ನು ಬಿಡಬೇಡಿ. ಪರೀಕ್ಷೆಯಲ್ಲಿ ಅಂಕ ಇದೆ, ಹಳಗನ್ನಡ ಓದಲು ಅತ್ತಣಿಂ ಗೊತ್ತಿರಬೇಕು. ಆದರೆ ಅದನ್ನು ಅದರ ಚರಿತ್ರೆಯ ಸಮೇತ ಹೇಳಿ. 'ಯಾರು ಹಾಗೆ ಅಂತಾರೆ?' ಎಂದ ಮಗುವಿಗೆ 'ಪುಸ್ತಕದಲ್ಲಿದೆ, ಬರಕೋ' ಎಂದು ಬಾಯಿ ಮುಚ್ಚಿಸಿದರೆ, ತನ್ನ ಕಿವಿಯನ್ನು ನಂಬಬಾರದು ಎಂದು ಕಲಿಸಿದಂತಾಗುತ್ತದೆ. ಭಾಷೆ ಕಲಿಯುವವರಿಗೆ ಅದಕ್ಕಿಂತ ದೊಡ್ಡ ಕೇಡಿಲ್ಲ.

ವ್ಯಾಕರಣದ ಪುಸ್ತಕ ಈ ಮೂರು ಬಗೆಯ ನಿಯಮಗಳನ್ನೂ ಒಂದೇ ಅಚ್ಚಿನಲ್ಲಿ ಕೊಡುತ್ತದೆ. ಮಗುವಿನಲ್ಲಿ ಆಗಲೇ ಇರುವುದನ್ನು ತೋರಿಸಿದರೆ ಸಾಕು. ಮನೆಮಾತಿನ ನಿಯಮ ಅಡ್ಡ ಬಂದಿರುವ ಕಡೆ ಎರಡನ್ನೂ ಎದುರುಬದುರು ಇಡಬೇಕು. ಪುಸ್ತಕದಲ್ಲಿ ಮಾತ್ರ ಇರುವುದನ್ನು ಪುಸ್ತಕದ್ದು ಎಂದೇ ಹೇಳಬೇಕು. ಯಾವುದು ಯಾವ ಬಗೆ ಎಂದು ಬೇರ್ಪಡಿಸುವುದೇ ಕನ್ನಡ ಶಿಕ್ಷಕರ ನಿಜವಾದ ಕೆಲಸ.

ನನ್ನ ಜಾಗಕ್ಕೆ ಬರುವವರಲ್ಲಿ ಒಂದೇ ಕೋರಿಕೆ. ಉತ್ತರಪತ್ರಿಕೆಯಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಂಡರೆ ಕೆಂಪು ಗೆರೆ ಎಳೆಯುವ ಮೊದಲು ಮಗುವನ್ನು ಹತ್ತಿರ ಕರೆದು, 'ಇದನ್ನು ನಿಮ್ಮ ಮನೆಯಲ್ಲಿ ಹೇಗೆ ಹೇಳ್ತೀರಪ್ಪಾ?' ಎಂದು ಕೇಳಿ. ಪಾಠ ಎಲ್ಲಿಂದ ಶುರು ಮಾಡಬೇಕು ಎಂಬುದು ಆ ಉತ್ತರದಲ್ಲಿರುತ್ತದೆ.